ಫಿಲಮೆಂಟ್ ಮುಗಿದ ಮೇಲೆ: ದೀರ್ಘ ತ್ರೀಡಿ ಮುದ್ರಣದ ನಡುವೆ ಸ್ಪೂಲ್ ಬದಲಿಸುವ ಕ್ರಮ

ಸ್ನೇಹಿತರೇ,

ಇಂದಿನ ಮಾತನ್ನು ಒಂದು ಲೆಕ್ಕದಿಂದಲೇ ಆರಂಭಿಸುತ್ತೇನೆ. ಪಿಎಲ್‌ಎ ಫಿಲಮೆಂಟಿನಲ್ಲಿ ಒಂದು ದೊಡ್ಡ ವಸ್ತುವನ್ನು ಮುದ್ರಿಸಬೇಕಾಗಿದೆ ಎಂದುಕೊಳ್ಳೋಣ. ಸ್ಲೈಸರ್ 380 ಗ್ರಾಂ ಬೇಕು, 20 ಗಂಟೆ ಹಿಡಿಯುತ್ತದೆ ಎಂದು ಹೇಳುತ್ತದೆ. ಸ್ಪೂಲನ್ನು ತಕ್ಕಡಿಯಲ್ಲಿಟ್ಟು, ಅದೇ ತಯಾರಿಕೆಯ ಖಾಲಿ ಸ್ಪೂಲಿನ ತೂಕವನ್ನು ಕಳೆದರೆ ಉಳಿದಿರುವುದು 290 ಗ್ರಾಂ. 1.75 ಮಿಲಿಮೀಟರ್ ದಪ್ಪದ ಪಿಎಲ್‌ಎ ಮೀಟರಿಗೆ ಹತ್ತಿರ ಹತ್ತಿರ 3 ಗ್ರಾಂ ತೂಗುವುದರಿಂದ, ಅದು ಸುಮಾರು 97 ಮೀಟರ್ ಉದ್ದವಾಯಿತು. ಬಳಕೆ ಹೆಚ್ಚುಕಡಿಮೆ ಒಂದೇ ಸಮನಾಗಿದ್ದರೆ ಹದಿನೈದು ಗಂಟೆ ಕಳೆದ ಸ್ವಲ್ಪ ಹೊತ್ತಿಗೆ ಫಿಲಮೆಂಟ್ ಮುಗಿಯುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಆರಂಭಿಸಿದ ಕೆಲಸವಾದರೆ ಅದು ನಸುಕಿನ ಮೂರೂಕಾಲು ಗಂಟೆ, ಎಲ್ಲರೂ ಮಲಗಿರುವ ಹೊತ್ತು.

ರನ್‌ಔಟ್ ಸೆನ್ಸರ್ ಇರುವ ಪ್ರಿಂಟರ್ ಆ ಹೊತ್ತಿಗೆ ಸರಿಯಾಗಿಯೇ ನಿಲ್ಲುತ್ತದೆ. ಆದರೂ ಬೆಳಿಗ್ಗೆ ಎದ್ದು ನೋಡಿದಾಗ ವಸ್ತು ಬೆಡ್‌ನಿಂದ ಬಿಟ್ಟುಕೊಂಡು ಕುಳಿತಿರುವ ಸಾಧ್ಯತೆ ಇದ್ದೇ ಇದೆ. ಫಿಲಮೆಂಟ್ ಮುಗಿದದ್ದನ್ನು ಗುರುತಿಸುವುದು ಸುಲಭದ ಭಾಗ. ಗುರುತಿಸಿದ ಮೇಲೆ ಯಾರಾದರೂ ಬಂದು ಸ್ಪೂಲ್ ಬದಲಿಸುವವರೆಗಿನ ಕಾಯುವಿಕೆಯಲ್ಲಿಯೇ ಹೆಚ್ಚಿನ ಕೆಲಸಗಳು ಕೆಡುತ್ತವೆ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಇಂದು ಆ ಕಾಯುವಿಕೆಗೆ ಹೆಚ್ಚು ಸಮಯ ಕೊಡುತ್ತೇನೆ.

ಮೊದಲು ಸೆನ್ಸರ್ ಏನನ್ನು ನೋಡುತ್ತದೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಸಾಮಾನ್ಯ ಬಗೆಯ ಸೆನ್ಸರಿನೊಳಗೆ ಇರುವುದು ಒಂದು ಸಣ್ಣ ಮೈಕ್ರೋಸ್ವಿಚ್. ಫಿಲಮೆಂಟ್ ಹಾದುಹೋಗುವಾಗ ಅದರ ಸನ್ನೆಯನ್ನು ಒತ್ತಿ ಹಿಡಿದಿರುತ್ತದೆ. ಫಿಲಮೆಂಟಿನ ಬಾಲ ದಾಟಿದೊಡನೆ ಸನ್ನೆ ಹಿಂದಿರುಗಿ, ಸಂಕೇತ ಬದಲಾಗುತ್ತದೆ. ಆ ಕ್ಷಣದಲ್ಲಿ ಸೆನ್ಸರಿನಿಂದ ಎಕ್ಸ್‌ಟ್ರೂಡರಿನ ಹಲ್ಲುಚಕ್ರದವರೆಗೆ ಇನ್ನೂ ಒಂದಿಷ್ಟು ಫಿಲಮೆಂಟ್ ಉಳಿದಿರುತ್ತದೆ. ಈ ಅಂತರ ನಮ್ಮ ಉದಾಹರಣೆಯಲ್ಲಿ 150 ಮಿಲಿಮೀಟರ್ ಇರಲಿ. ರೇಖೆಯ ಅಗಲ 0.45, ಪದರದ ಎತ್ತರ 0.2 ಮಿಲಿಮೀಟರ್ ಇಟ್ಟು ಸೆಕೆಂಡಿಗೆ 50 ಮಿಲಿಮೀಟರ್ ವೇಗದಲ್ಲಿ ಮುದ್ರಿಸುತ್ತಿದ್ದರೆ, ನಾಝಲ್‌ನಿಂದ ಸೆಕೆಂಡಿಗೆ 4.5 ಘನ ಮಿಲಿಮೀಟರ್ ಪ್ಲಾಸ್ಟಿಕ್ ಹೊರಬರುತ್ತದೆ. ಅಂದರೆ ಫಿಲಮೆಂಟ್ ಸೆಕೆಂಡಿಗೆ ಎರಡು ಮಿಲಿಮೀಟರಿಗೂ ಕಡಿಮೆ ವೇಗದಲ್ಲಿ ಇಳಿಯುತ್ತದೆ. ಆ 150 ಮಿಲಿಮೀಟರ್ ಸುಮಾರು 80 ಸೆಕೆಂಡು ಬಾಳುತ್ತದೆ.

ಈ 80 ಸೆಕೆಂಡನ್ನು ಪೂರ್ತಿ ಬಳಸಿಕೊಳ್ಳಬೇಕೆಂಬ ಆಸೆ ಸಹಜ. ಮಾರ್ಲಿನ್ ಫರ್ಮ್‌ವೇರ್‌ನಲ್ಲಿ, ರನ್‌ಔಟ್ ದೂರದ ಸೌಲಭ್ಯವನ್ನು ಸೇರಿಸಿ ಸಿದ್ಧಪಡಿಸಿದ್ದರೆ, `M412 D110` ಎಂಬ ಆದೇಶದ ಮೂಲಕ ಸಂಕೇತ ಬಂದ ಮೇಲೂ 110 ಮಿಲಿಮೀಟರ್ ಮುಂದುವರಿಯುವಂತೆ ಹೇಳಬಹುದು. ಆದರೆ ಬಾಲವು ಹಲ್ಲುಚಕ್ರವನ್ನು ದಾಟಿಹೋದರೆ ಅದನ್ನು ಹಿಂದಕ್ಕೆ ಎಳೆಯಲು ಯಾವ ಹಿಡಿತವೂ ಉಳಿಯುವುದಿಲ್ಲ. ಹೀಗಾಗಿ ಮೂವತ್ತು ನಲವತ್ತು ಮಿಲಿಮೀಟರ್ ಉಳಿಸಿಕೊಂಡು ನಿಲ್ಲಿಸುವುದೇ ಜಾಣತನ. ಉಳಿಯುವ ತುಂಡು ಒಂದು ಗ್ರಾಂನ ಹತ್ತನೆಯ ಒಂದು ಭಾಗ ಮಾತ್ರ. ಅದಕ್ಕಾಗಿ ಜಗ್ಗಾಡುವುದರಲ್ಲಿ ಅರ್ಥವಿಲ್ಲ.

ಈಗ ಕಾಯುವಿಕೆಯ ವಿಚಾರಕ್ಕೆ ಬರೋಣ. ಪ್ರಿಂಟರ್ ನಿಂತಿರುವಾಗ ಮೂರು ಸಂಗತಿಗಳು ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ. ಬೆಡ್ ಬಿಸಿಯಾಗಿಯೇ ಇರಬೇಕು, ಏಕೆಂದರೆ ಗಾಜಿನ ಅಥವಾ ಲೇಪನವಿರುವ ಉಕ್ಕಿನ ಹಾಳೆಯ ಮೇಲೆ ಕುಳಿತ ಪಿಎಲ್‌ಎ ತಣ್ಣಗಾದಂತೆ ಕುಗ್ಗಿ ತಾನಾಗಿಯೇ ಬಿಟ್ಟುಕೊಳ್ಳುತ್ತದೆ. ಮುಗಿದ ಕೆಲಸವನ್ನು ಬಿಡಿಸಲು ನಮಗೆ ನೆರವಾಗುವ ಗುಣವೇ ಇಲ್ಲಿ ಶತ್ರುವಾಗುತ್ತದೆ. ಮೋಟರುಗಳಲ್ಲಿಯೂ ವಿದ್ಯುತ್ ಹರಿಯುತ್ತಲೇ ಇರಬೇಕು, ಇಲ್ಲದಿದ್ದರೆ ತಲೆ ಎಲ್ಲಿದೆ ಎಂಬ ಲೆಕ್ಕವೇ ಅಳಿಸಿಹೋಗುತ್ತದೆ. ನಾಝಲ್ ಮಾತ್ರ ಬಿಸಿಯಾಗಿರಬಾರದು: ಗಂಟೆಗಟ್ಟಲೆ 210 ಡಿಗ್ರಿಯಲ್ಲಿ ನಿಂತ ಪ್ಲಾಸ್ಟಿಕ್ ಒಂದೆಡೆ ಸೋರುತ್ತದೆ, ಇನ್ನೊಂದೆಡೆ ಒಳಗೇ ಕಂದುತ್ತದೆ, ಜೊತೆಗೆ ಶಾಖ ಮೇಲಕ್ಕೇರಿ, ಕರಗಬಾರದ ಜಾಗದಲ್ಲಿ ಫಿಲಮೆಂಟ್ ಮೆತ್ತಗಾಗಿ ಊದಿಕೊಂಡು ದಾರಿ ಕಟ್ಟಬಹುದು.

ಮಾರ್ಲಿನ್‌ನಲ್ಲಿ ಸ್ಪೂಲ್ ಬದಲಿಸುವ `M600` ಆದೇಶ ಈ ಹಂಚಿಕೆಯನ್ನು ಬಹುಮಟ್ಟಿಗೆ ತಾನೇ ಮಾಡಿಕೊಳ್ಳುತ್ತದೆ. ಯಾರೂ ಬಾರದಿದ್ದರೆ ನಾಝಲ್ ಹೀಟರನ್ನು ಆರಿಸಿ, ಬೆಡ್ಡನ್ನು ಹಾಗೆಯೇ ಬಿಡುತ್ತದೆ. ಈ ಕಾಯುವ ಅವಧಿ ಮೂಲ ಸಂರಚನೆಯಲ್ಲಿ 45 ಸೆಕೆಂಡು. ಕ್ಲಿಪ್ಪರ್‌ನಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ `idle_timeout` ಎಂಬ ವ್ಯವಸ್ಥೆ ಇದ್ದು, ನಾವು ಬದಲಿಸದಿದ್ದರೆ 600 ಸೆಕೆಂಡು ಚಟುವಟಿಕೆಯಿಲ್ಲದ ಬಳಿಕ ಎಲ್ಲ ಹೀಟರುಗಳನ್ನೂ ಮೋಟರುಗಳನ್ನೂ ಒಟ್ಟಿಗೆ ಆರಿಸುತ್ತದೆ. ನಮ್ಮ ಉದಾಹರಣೆಯಲ್ಲಿ ಮೂರೂಕಾಲಿಗೆ ನಿಂತ ಪ್ರಿಂಟರ್ ಮೂರು ಇಪ್ಪತ್ತೈದಕ್ಕೆ ಪೂರ್ತಿ ಮಲಗಿಬಿಡುತ್ತದೆ. ಬೆಳಿಗ್ಗೆ ಮುಂದುವರಿಸಲು ಹೋದರೆ `Must home axis first` ಎಂಬ ಉತ್ತರ ಬರುತ್ತದೆ. ಎಕ್ಸ್ ಮತ್ತು ವೈ ಅಕ್ಷಗಳನ್ನು ಮತ್ತೆ ಮೂಲಕ್ಕೆ ತರಬಹುದಾದರೂ, ಬೆಡ್‌ನ ನಡುವೆ ಅರ್ಧ ಮುಗಿದ ವಸ್ತು ಎದ್ದು ನಿಂತಿರುವಾಗ ಝೆಡ್ ಅಕ್ಷವನ್ನು ಅಲ್ಲಿ ಇಳಿಸಿ ಅಳೆಯುವಂತಿಲ್ಲ. ಇದಕ್ಕೆ ಪರಿಹಾರ ಸಂರಚನೆಯ ಕೆಲವೇ ಸಾಲುಗಳು:

```
[filament_switch_sensor runout]
switch_pin: ^PB4
pause_on_runout: True
runout_gcode:
  SET_IDLE_TIMEOUT TIMEOUT=43200
  M104 S0
```

`PB4` ಎಂಬುದು ಉದಾಹರಣೆಗಾಗಿ ಬರೆದ ಪಿನ್. ಅದು ಪ್ರತಿ ಬೋರ್ಡಿಗೂ ಬೇರೆಯಾಗಿರುತ್ತದೆ. 43200 ಸೆಕೆಂಡೆಂದರೆ ಹನ್ನೆರಡು ಗಂಟೆ. ಕೊನೆಯ ಸಾಲು ನಾಝಲನ್ನು ಮಾತ್ರ ಆರಿಸುತ್ತದೆ, ಬೆಡ್ಡನ್ನು ಮುಟ್ಟುವುದಿಲ್ಲ. ಇಲ್ಲಿ ಗಮನಿಸಬೇಕಾದ ಇನ್ನೊಂದು ಮಾತಿದೆ: ಕ್ಲಿಪ್ಪರ್‌ನ ಮೂಲ `PAUSE` ಕೆಲಸವನ್ನು ನಿಲ್ಲಿಸುತ್ತದೆಯೇ ಹೊರತು ತಲೆಯನ್ನು ಪಕ್ಕಕ್ಕೆ ಒಯ್ಯುವುದಿಲ್ಲ. ಸ್ವಲ್ಪ ಹಿಂದೆಳೆದು, ಕೆಲವು ಮಿಲಿಮೀಟರ್ ಮೇಲೆತ್ತಿ, ಬೆಡ್‌ನ ಅಂಚಿಗೆ ಸರಿಸುವ ಮ್ಯಾಕ್ರೋ ಬರೆದುಕೊಳ್ಳದಿದ್ದರೆ, ನಾಝಲ್ ವಸ್ತುವಿನ ಮೇಲೆಯೇ ಕುಳಿತು, ತಣ್ಣಗಾಗುವಾಗ ಅದಕ್ಕೆ ಅಂಟಿಕೊಳ್ಳುತ್ತದೆ. ಸಿದ್ಧ ಮ್ಯಾಕ್ರೋಗಳೊಂದಿಗೆ ಬರುವ ಪ್ರಿಂಟರುಗಳಲ್ಲಿ ಇದು ಇದ್ದೇ ಇರುತ್ತದೆ. ಆದರೂ ಒಮ್ಮೆ ತೆರೆದು ನೋಡುವುದು ಒಳಿತು.

ಬೆಳಿಗ್ಗೆ ಸ್ಪೂಲ್ ಬದಲಿಸುವವರು ಮೊದಲು ಮಾಡಬೇಕಾದದ್ದು ತಲೆಯನ್ನು ಕೈಯಿಂದ ತಳ್ಳದಿರುವುದು. ಮೋಟರುಗಳು ಹಿಡಿದಿರುತ್ತವೆಯಾದರೂ, ಜೋರಾಗಿ ಒತ್ತಿದರೆ ಒಂದೆರಡು ಹೆಜ್ಜೆ ಜಾರುತ್ತವೆ. ಹಾಗೆ ಜಾರಿದ್ದು ಪ್ರಿಂಟರಿಗೆ ತಿಳಿಯುವುದಿಲ್ಲ, ಮುಂದಿನ ಪದರಗಳೆಲ್ಲ ಪಕ್ಕಕ್ಕೆ ಸರಿದು ಬೀಳುತ್ತವೆ. ಬಳಿಕ `M109 S210` ನೀಡಿ ನಾಝಲ್ ಪೂರ್ತಿ ಕಾಯುವವರೆಗೆ ತಡೆಯಬೇಕು. ಹಳೆಯ ತುಂಡನ್ನು ನೇರವಾಗಿ ಎಳೆಯದೆ, ಮೊದಲು ಕೆಲವು ಮಿಲಿಮೀಟರ್ ಮುಂದಕ್ಕೆ ತಳ್ಳಿ ಆಮೇಲೆ ವೇಗವಾಗಿ ಹಿಂದೆಳೆದರೆ, ಅದರ ತುದಿ ಗುಂಡಗೆ ಊದಿಕೊಳ್ಳದೆ ಚೂಪಾಗಿ ಹೊರಬರುತ್ತದೆ. ಹೊಸ ಫಿಲಮೆಂಟಿನ ತುದಿಯ ಬಾಗನ್ನು ಬೆರಳಿನಿಂದ ನೇರ ಮಾಡಿ, ಓರೆಯಾಗಿ ಕತ್ತರಿಸಿದರೆ ಹಲ್ಲುಚಕ್ರದ ಬಾಯಿಗೆ ಸುಲಭವಾಗಿ ಸೇರುತ್ತದೆ.

ಆದರೆ ಬಾಲ ಹಲ್ಲುಚಕ್ರವನ್ನು ದಾಟಿಬಿಟ್ಟಿದ್ದರೆ ಕ್ರಮ ಬದಲಾಗುತ್ತದೆ. ಎಕ್ಸ್‌ಟ್ರೂಡರ್ ಚೌಕಟ್ಟಿನ ಮೇಲಿದ್ದು, ಅಲ್ಲಿಂದ ಹಾಟ್‌ಎಂಡ್‌ವರೆಗೆ 400 ಮಿಲಿಮೀಟರ್ ಕೊಳವೆ ಇರುವ ಬೌಡನ್ ಪ್ರಿಂಟರಿನಲ್ಲಿ ಆ ಬಾಲವನ್ನು ಹೊಸ ಫಿಲಮೆಂಟೇ ತಳ್ಳಿಕೊಂಡು ಹೋಗಬೇಕು. ಅಲ್ಲಿ ಓರೆಯಾಗಿ ಕತ್ತರಿಸಿದ ತುದಿ ಕೆಟ್ಟದ್ದು: ಎರಡು ಮಿಲಿಮೀಟರ್ ಒಳವ್ಯಾಸದ ಕೊಳವೆಯಲ್ಲಿ ಎರಡು ತುದಿಗಳು ಒಂದರ ಪಕ್ಕ ಒಂದು ನುಸುಳಿ ಬೆಣೆಯಂತೆ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಅಲ್ಲಿ ತುದಿಯನ್ನು ಚಪ್ಪಟೆಯಾಗಿ ಕತ್ತರಿಸಬೇಕು. ಇನ್ನೊಂದು ತೊಡಕು ಕಣ್ಣಿಗೆ ಬೀಳುವುದೇ ಇಲ್ಲ. ಎರಡು ತುಂಡುಗಳು ಬರೀ ತಾಗಿಕೊಂಡಿರುತ್ತವೆ, ಅಂಟಿರುವುದಿಲ್ಲ. ಆದ್ದರಿಂದ ಪ್ರಿಂಟರ್ ರಿಟ್ರಾಕ್ಷನ್ ಮಾಡಿದಾಗ ಹೊಸ ತುಂಡು ಮಾತ್ರ ಹಿಂದೆ ಸರಿಯುತ್ತದೆ, ಕೆಳಗಿನ ಹಳೆಯ ತುಂಡು ಅಲ್ಲೇ ನಿಂತು ನಾಝಲ್ ಸೋರುತ್ತಲೇ ಇರುತ್ತದೆ. ಮುಂದುವರಿಸಿದ ಮೇಲೆ ಕೆಲವು ಪದರಗಳಲ್ಲಿ ಮಾತ್ರ ಎಳೆಗಳು ಕಂಡು ಆಮೇಲೆ ತಾನಾಗಿ ನಿಂತುಹೋದರೆ, ಕಾರಣ ಇದೇ ಎಂದು ತಿಳಿಯಬಹುದು. 400 ಮಿಲಿಮೀಟರ್ ತುಂಡಿನ ತೂಕ 1.2 ಗ್ರಾಂ, ಅಷ್ಟನ್ನೂ ಗಾಳಿಯಲ್ಲೇ ಹೊರಹಾಕಿ, ಹೊಸ ಬಣ್ಣ ಪೂರ್ತಿ ಶುದ್ಧವಾಗಿ ಬಂದ ಮೇಲೆ ಮುಂದುವರಿಯುವುದು ಮೇಲು.

ಮುಂದುವರಿಸುವ ಕ್ಷಣಕ್ಕೆ ಮುಂಚೆ ನಾಝಲ್ ತುದಿಯಲ್ಲಿ ಜೋತುಬಿದ್ದ ಎಳೆಯನ್ನು ಚಿಮಟದಿಂದ ತೆಗೆಯಬೇಕು; ಇಲ್ಲದಿದ್ದರೆ ಅದು ವಸ್ತುವಿನ ಗೋಡೆಗೆ ಗಂಟಾಗಿ ಅಂಟುತ್ತದೆ. ಎಷ್ಟೇ ಎಚ್ಚರ ವಹಿಸಿದರೂ ನಿಂತ ಪದರದಲ್ಲಿ ಒಂದು ತೆಳು ಗೆರೆ ಉಳಿಯುವುದುಂಟು. ಗೆರೆಗಿಂತ ಗಂಭೀರವಾದದ್ದು ಬಲದ ಪ್ರಶ್ನೆ. ಮೂರು ಗಂಟೆ ತಣ್ಣಗಾಗಿದ್ದ ಪದರದ ಮೇಲೆ ಬಿದ್ದ ಹೊಸ ಪದರ, ಆಗತಾನೇ ಮುದ್ರಿಸಿದ ಪದರಕ್ಕೆ ಹಿಡಿಯುವಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಅಲಂಕಾರದ ವಸ್ತುವಿಗೆ ಇದು ಲೆಕ್ಕಕ್ಕಿಲ್ಲ. ಭಾರ ಹೊರುವ ಕೊಕ್ಕೆಗೆ ಇದು ಮುರಿಯುವ ಜಾಗ. ತೆರೆದ ಪ್ರಿಂಟರಿನಲ್ಲಿ ಎಬಿಎಸ್ ಬಳಸುತ್ತಿದ್ದರೆ ಅದೇ ಎತ್ತರದಲ್ಲಿ ಬಿರುಕೇ ಬಿಡಬಹುದು. ಅಂಥ ಕೆಲಸಕ್ಕೆ, 290 ಗ್ರಾಂ ಸಾಲದು ಎಂದು ಮೊದಲೇ ಗೊತ್ತಿರುವಾಗ, ನಾವು ಎಚ್ಚರವಿರುವ ಹೊತ್ತಿಗೆ ಬರುವ ಮತ್ತು ಒತ್ತಡ ಕಡಿಮೆ ಇರುವ ಪದರವೊಂದರಲ್ಲಿ ಸ್ಲೈಸರಿನಿಂದಲೇ ನಿಲುಗಡೆ ಸೇರಿಸಿ, ಹತ್ತು ನಿಮಿಷದೊಳಗೆ ಸ್ಪೂಲ್ ಬದಲಿಸುವುದೇ ಸರಿ. ಸೆನ್ಸರ್ ಇದೆಯೆಂದು ತೂಕ ನೋಡುವುದನ್ನೇ ಬಿಟ್ಟವರನ್ನು ನಾನು ಬಹಳ ಕಂಡಿದ್ದೇನೆ.

ಕೊನೆಯದಾಗಿ, ಸ್ವಿಚ್ ಸೆನ್ಸರಿಗೆ ಕಾಣದ ಒಂದು ಸಂದರ್ಭವಿದೆ. ಕೆಲವು ಸ್ಪೂಲುಗಳಲ್ಲಿ ಫಿಲಮೆಂಟಿನ ಒಳತುದಿಯನ್ನು ನಡುಗಂಬದ ರಂಧ್ರಕ್ಕೆ ತೂರಿಸಿ ಮಡಿಚಿರುತ್ತಾರೆ. ಕೊನೆಯ ಸುತ್ತು ಬಿಚ್ಚಿದ ಮೇಲೆ ಅದು ಕಳಚಿಕೊಳ್ಳದಿದ್ದರೆ, ಫಿಲಮೆಂಟ್ ಸೆನ್ಸರಿನೊಳಗೇ ಬಿಗಿಯಾಗಿ ನಿಲ್ಲುತ್ತದೆ. ಸ್ವಿಚ್ ಒತ್ತಿದಂತೆಯೇ ಇರುತ್ತದೆ, ಹಲ್ಲುಚಕ್ರ ಒಂದೇ ಜಾಗವನ್ನು ಕೊರೆಯುತ್ತದೆ, ತಲೆ ಗಾಳಿಯಲ್ಲಿ ಪದರದ ಮೇಲೆ ಪದರ ಬರೆಯುತ್ತಾ ಹೋಗುತ್ತದೆ. ಹಲ್ಲುಚಕ್ರದ ಬಳಿ ಪ್ಲಾಸ್ಟಿಕ್ ಪುಡಿ ಬಿದ್ದಿದ್ದರೆ ಮತ್ತು ಫಿಲಮೆಂಟಿನಲ್ಲಿ ಅರ್ಧಚಂದ್ರಾಕಾರದ ತಗ್ಗು ಇದ್ದರೆ ನಡೆದದ್ದು ಇದೇ. ಇದನ್ನು ಹಿಡಿಯಬಲ್ಲದ್ದು ಚಲನೆಯ ಸೆನ್ಸರ್: ಅದರೊಳಗಿನ ಸಣ್ಣ ಚಕ್ರ ಫಿಲಮೆಂಟಿನೊಂದಿಗೆ ತಿರುಗುತ್ತದೆ, ಎಕ್ಸ್‌ಟ್ರೂಡರ್ ನಿಗದಿತ ಉದ್ದವನ್ನು ತಳ್ಳಿದರೂ ಚಕ್ರ ಅಲುಗದಿದ್ದರೆ ಕೆಲಸ ನಿಲ್ಲುತ್ತದೆ. ಕ್ಲಿಪ್ಪರ್‌ನಲ್ಲಿ ಆ ಉದ್ದವಾದ `detection_length` ಬದಲಿಸದಿದ್ದರೆ 7 ಮಿಲಿಮೀಟರ್ ಇರುತ್ತದೆ. ಸುಮ್ಮಸುಮ್ಮನೆ ನಿಲ್ಲುತ್ತಿದ್ದರೆ ಅದನ್ನು ಸ್ವಲ್ಪ ಹೆಚ್ಚಿಸಬಹುದು, ಆದರೆ ಹೆಚ್ಚಿಸಿದಷ್ಟೂ ಖಾಲಿ ರೇಖೆ ಉದ್ದವಾಗುತ್ತದೆ. ಚಲನೆಯ ಸೆನ್ಸರ್ ಇಲ್ಲದವರು ಮುಗಿಯುತ್ತಾ ಬಂದ ಸ್ಪೂಲನ್ನು ಹಾಕುವ ಮೊದಲು ಒಳತುದಿಯನ್ನು ನೋಡಿ, ಮಡಿಚಿದ್ದರೆ ಕತ್ತರಿಸಿಬಿಡಬಹುದು. ದೀರ್ಘ ಕೆಲಸಕ್ಕೆ ಮುಂಚೆ ಸಣ್ಣ ಘನವೊಂದನ್ನು ಮುದ್ರಿಸುತ್ತಾ ಸೆನ್ಸರಿನ ಹಿಂದೆ ಫಿಲಮೆಂಟನ್ನು ಬೇಕೆಂದೇ ಕತ್ತರಿಸಿ, ಹದಿನೈದು ನಿಮಿಷ ಕಾದು, ಬೆಡ್ ಇನ್ನೂ ಬಿಸಿಯಿದೆಯೇ ಎಂದು ಮುಟ್ಟಿ ನೋಡಿದರೆ, ಮೇಲೆ ಹೇಳಿದ ಸಂರಚನೆ ಸರಿಯಿದೆಯೋ ಇಲ್ಲವೋ ಎಂಬುದು ಅಲ್ಲಿಯೇ ತಿಳಿಯುತ್ತದೆ.