ಆಕರದ ಹೆಸರನ್ನು ಬೆರಳಿನಿಂದ ಮುಚ್ಚಿ

ಕೇಳುಗರಿಗೆ ನಮಸ್ಕಾರ.

ಸಂಶೋಧನೆಗೆ ಓದಿದ ಪುಸ್ತಕ, ಲೇಖನಗಳನ್ನು, ಅಂದರೆ ಆಕರಗಳನ್ನು, ಪಟ್ಟಿ ಮಾಡಿ ಪ್ರತಿಯೊಂದರ ಕೆಳಗೂ ಅದರ ಬಗ್ಗೆ ಕೆಲವು ಸಾಲು ಬರೆದರೆ ಅದು ಟಿಪ್ಪಣಿಸಹಿತ ಗ್ರಂಥಸೂಚಿ. ಯಾರಾದರೂ ತಮ್ಮ ಇಂಥ ಸೂಚಿಯನ್ನು ತೋರಿಸಿದಾಗ ನಾನೊಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಆಕರದ ಹೆಸರನ್ನು ಬೆರಳಿನಿಂದ ಮುಚ್ಚಿ ಅದರ ಕೆಳಗಿನ ಟಿಪ್ಪಣಿಯನ್ನಷ್ಟೇ ಓದುತ್ತೇನೆ. ಆ ಲೇಖನವನ್ನು ಬರೆದವರೇ ಈ ಟಿಪ್ಪಣಿಯನ್ನೂ ಬರೆದಿರಬಹುದು ಎನಿಸಿದರೆ ಅದು ಬರೀ ಸಾರಾಂಶ. ಅಲ್ಲಿ ಓದಿದವನ ಸುಳಿವೇ ಇಲ್ಲ.

ಒಂದು ಉದಾಹರಣೆಯನ್ನು ಕೊನೆಯವರೆಗೂ ನೋಡೋಣ. ತರಗತಿಯಲ್ಲಿ ನೋಟ್ಸ್ ಕೈಯಲ್ಲಿ ಬರೆದುಕೊಳ್ಳುವುದು ಒಳ್ಳೆಯದೋ, ಲ್ಯಾಪ್‌ಟಾಪ್‌ನಲ್ಲಿ ಟೈಪ್ ಮಾಡುವುದು ಒಳ್ಳೆಯದೋ ಎಂಬುದು ನಿಮ್ಮ ಪ್ರಶ್ನೆ ಎಂದುಕೊಳ್ಳಿ. ಹುಡುಕಿದ ಕೂಡಲೇ ಕೈಗೆ ಸಿಗುವುದು ಮ್ಯೂಲರ್ ಮತ್ತು ಓಪನ್‌ಹೈಮರ್ 2014ರಲ್ಲಿ ‘ಸೈಕಲಾಜಿಕಲ್ ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ. ಸಾಮಾನ್ಯವಾಗಿ ಅದರ ಕೆಳಗೆ ಕಾಣುವ ಟಿಪ್ಪಣಿ ಹೀಗಿರುತ್ತದೆ: ‘ಕೈಯಲ್ಲಿ ನೋಟ್ಸ್ ಬರೆದುಕೊಂಡ ವಿದ್ಯಾರ್ಥಿಗಳು ಪರಿಕಲ್ಪನೆಯ ಪ್ರಶ್ನೆಗಳಿಗೆ ಉತ್ತಮವಾಗಿ ಉತ್ತರಿಸಿದರು. ಟೈಪ್ ಮಾಡಿದವರು ಉಪನ್ಯಾಸವನ್ನು ಪದಶಃ ಇಳಿಸಿಕೊಂಡಿದ್ದರು. ಬಹಳ ಉಪಯುಕ್ತ ಲೇಖನ.’ ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಉಪಯುಕ್ತ ಯಾರಿಗೆ, ಯಾತಕ್ಕೆ?

ಉತ್ತರ ಬೇಕಿದ್ದರೆ ಲೇಖನದ ಆರಂಭದ ಸಂಗ್ರಹವನ್ನು ಬಿಟ್ಟು, ಪ್ರಯೋಗ ನಡೆದ ಬಗೆಯನ್ನು ವಿವರಿಸುವ ಭಾಗಕ್ಕೆ ಹೋಗಬೇಕು. ಅಲ್ಲಿ ಮೂರು ಪ್ರಯೋಗಗಳಿವೆ. ಮೊದಲನೆಯದರಲ್ಲಿ ಪಾಲ್ಗೊಂಡವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ 67 ವಿದ್ಯಾರ್ಥಿಗಳು. ಅವರು ಕೇಳಿದ್ದು ತರಗತಿಯ ಪಾಠವನ್ನಲ್ಲ, ಕಾಲು ಗಂಟೆಯ ಆಸುಪಾಸಿನ ಟೆಡ್ ಉಪನ್ಯಾಸದ ವಿಡಿಯೊವನ್ನು. ಪರೀಕ್ಷೆ ನಡೆದದ್ದು ಸುಮಾರು ಅರ್ಧ ಗಂಟೆಯ ನಂತರ, ತಮ್ಮ ನೋಟ್ಸನ್ನು ಮತ್ತೆ ಓದುವ ಅವಕಾಶವಿಲ್ಲದೆ. ವಾರದ ನಂತರ ಪರೀಕ್ಷೆ ಮಾಡಿ, ಕೆಲವರಿಗೆ ನೋಟ್ಸ್ ಓದಿಕೊಳ್ಳಲು ಬಿಟ್ಟದ್ದು ಮೂರನೆಯ ಪ್ರಯೋಗದಲ್ಲಿ ಮಾತ್ರ. ನಿಜವಾದ ವಿದ್ಯಾರ್ಥಿ ಪರೀಕ್ಷೆಯ ಹಿಂದಿನ ರಾತ್ರಿ ನೋಟ್ಸ್ ತೆರೆದು ಕೂರುತ್ತಾನಲ್ಲ! ಹಾಗಾಗಿ ನಿಮ್ಮ ಪ್ರಶ್ನೆಗೆ ಮೂರನೆಯದೇ ಹತ್ತಿರದ್ದು. ಈ ಮಾತು ಟಿಪ್ಪಣಿಗೆ ಬಂದಾಗ ಅದು ನಿಮ್ಮದಾಗುತ್ತದೆ.

ಮುಂದಿನ ಹೆಜ್ಜೆಯನ್ನು ಹೆಚ್ಚಿನವರು ಹಾಕುವುದಿಲ್ಲ. ಈ ಲೇಖನವನ್ನು ಆಮೇಲೆ ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ಹುಡುಕಬೇಕು. ಎಷ್ಟು ಜನ ಎಂಬುದು ಮುಖ್ಯವಲ್ಲ, ಯಾಕೆ ಉಲ್ಲೇಖಿಸಿದರು ಎಂಬುದು ಮುಖ್ಯ. ಒಪ್ಪದೆ ಇರುವವರೂ ಉಲ್ಲೇಖಿಸುತ್ತಾರೆ. ಇಲ್ಲಿ ಸಿಗುವುದು ಅರಿ ಮತ್ತು ಸಂಗಡಿಗರ 2021ರ ಲೇಖನ. ಅವರು ಮೊದಲ ಪ್ರಯೋಗವನ್ನೇ 142 ವಿದ್ಯಾರ್ಥಿಗಳೊಡನೆ ಮತ್ತೆ ನಡೆಸಿದರು. ಟೈಪ್ ಮಾಡಿದವರು ಹೆಚ್ಚು ಪದಗಳನ್ನು, ಹೆಚ್ಚಾಗಿ ಪದಶಃ ಇಳಿಸಿಕೊಂಡರು ಎಂಬುದು ಮತ್ತೆ ಕಂಡಿತು. ಪರೀಕ್ಷೆಯ ಅಂಕಗಳಲ್ಲಿ ಮಾತ್ರ ಕೈಬರಹಕ್ಕೆ ಆ ಮೇಲುಗೈ ಕಾಣಲಿಲ್ಲ. ಇದೂ ಪ್ರಕಟವಾದದ್ದು ‘ಸೈಕಲಾಜಿಕಲ್ ಸೈನ್ಸ್’ನಲ್ಲಿಯೇ. ‘ಹೆಸರಾಂತ ಪತ್ರಿಕೆಯಲ್ಲಿ ಬಂದಿದೆ, ಆದ್ದರಿಂದ ನಂಬಬಹುದು’ ಎಂದು ಬರೆಯುವವರು ಈಗ ಯಾವುದನ್ನು ನಂಬುತ್ತಾರೋ!

ಇಷ್ಟಾದ ಮೇಲೆ ಮೊದಲ ಟಿಪ್ಪಣಿಯನ್ನು ನಾನು ಹೀಗೆ ತಿದ್ದುತ್ತೇನೆ: ‘ಕೈಬರಹದಿಂದ ಪರಿಕಲ್ಪನೆಯ ಗ್ರಹಿಕೆ ಹೆಚ್ಚುತ್ತದೆ ಎಂಬ ವಾದಕ್ಕೆ ಮೂಲವಾದ ಲೇಖನ. ಟೈಪ್ ಮಾಡುವವರು ಪದಶಃ ಇಳಿಸಿಕೊಳ್ಳುತ್ತಾರೆ ಎಂಬ ಭಾಗ ಗಟ್ಟಿ. 2021ರ ಮರುಪ್ರಯೋಗದಲ್ಲೂ ಅದು ಉಳಿಯಿತು. ಅದರಿಂದ ಅಂಕ ಕಡಿಮೆಯಾಗುತ್ತದೆ ಎಂಬ ಭಾಗ ಉಳಿಯಲಿಲ್ಲ. ಚಿಕ್ಕ ವಿಡಿಯೊ, ಮೊದಲ ಪ್ರಯೋಗದಲ್ಲಿ ಬೇಗನೆ ನಡೆದ ಪರೀಕ್ಷೆ. ನನ್ನ ಪ್ರಶ್ನೆಗೆ ಹತ್ತಿರದ್ದು ವಾರದ ನಂತರ ಪರೀಕ್ಷೆ ಮಾಡಿದ ಮೂರನೆಯದು. ಇಡೀ ವರ್ಷದ ಪಾಠಕ್ಕೆ ಅನ್ವಯಿಸುವಂತಿಲ್ಲ. ನೋಟ್ಸ್ ಬರೆಯುವ ರೀತಿಯನ್ನು ಕುರಿತ ಅಧ್ಯಾಯದಲ್ಲಿ ಬಳಸುತ್ತೇನೆ, ಫಲಿತಾಂಶದ ಅಧ್ಯಾಯದಲ್ಲಿ ಮರುಪ್ರಯೋಗದ ಜೊತೆಗಷ್ಟೇ.’ ಸಾರಾಂಶಕ್ಕೆ ಇಲ್ಲಿ ಒಂದೇ ವಾಕ್ಯ. ಉಳಿದದ್ದೆಲ್ಲ ತೂಗಿ ನೋಡಿದ್ದು.

ಇನ್ನೊಂದು ತುದಿಗೆ ಹೋಗುವವರೂ ಇದ್ದಾರೆ. ಮೌಲ್ಯಮಾಪನವೆಂದರೆ ತಪ್ಪು ಹುಡುಕುವುದೆಂದು ತಿಳಿದು, ಪ್ರತಿ ಆಕರದ ಕೆಳಗೂ ‘ಮಾದರಿ ಚಿಕ್ಕದು’, ಅಂದರೆ ಪಾಲ್ಗೊಂಡವರು ಕಡಿಮೆ, ಎಂದು ಬರೆದುಬಿಡುತ್ತಾರೆ. ಚಿಕ್ಕದಾದರೆ ಏನಾಯಿತು, ಯಾವ ತೀರ್ಮಾನ ಅಲುಗಾಡಿತು ಎಂದು ಹೇಳದಿದ್ದರೆ ಅದು ಬರೀ ಮುದ್ರೆ ಒತ್ತಿದಂತೆ. ಹತ್ತು ಆಕರಗಳ ಕೆಳಗೂ ಅದೇ ವಾಕ್ಯವಿದ್ದರೆ ಒಂದನ್ನೂ ತೂಗಿಲ್ಲವೆಂದೇ ಲೆಕ್ಕ.

ಪ್ರತಿ ಟಿಪ್ಪಣಿಯ ಕೊನೆಗೆ ಬರೆದ ದಿನಾಂಕ ಹಾಕುವುದು ನನ್ನ ರೂಢಿ. 2014ರ ಆ ಲೇಖನದ ಬಗ್ಗೆ 2018ರಲ್ಲಿ ಬರೆದ ಟಿಪ್ಪಣಿ ಎಷ್ಟೇ ಎಚ್ಚರದ್ದಾಗಿದ್ದರೂ ಅದರಲ್ಲಿ 2021ರ ಮರುಪ್ರಯೋಗ ಇರಲು ಸಾಧ್ಯವಿಲ್ಲ. ಕೆಳಗೆ ದಿನಾಂಕವಿದ್ದರೆ, ಉಲ್ಲೇಖಗಳನ್ನು ಯಾವ ವರ್ಷದಿಂದ ಮತ್ತೆ ಹುಡುಕಬೇಕು ಎಂಬುದು ಅಲ್ಲಿಯೇ ಸಿಗುತ್ತದೆ.

ನಮಸ್ಕಾರ.