ಚರ್ಮದಿಂದ ಗ್ರಂಥಿಗೆ: ಡೆಂಡ್ರೈಟಿಕ್ ಕೋಶದ ಪಯಣ

ಕೇಳುಗರಿಗೆ ನಮಸ್ಕಾರ.

ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ಎರಡು ಮೂರು ದಿನಗಳಲ್ಲಿ ತೊಡೆಸಂದಿಯಲ್ಲಿ ಗಡ್ಡೆಯಂತೆ ಊದಿಕೊಳ್ಳುವುದುಂಟು. ಗಾಯ ಒಂದು ಕಡೆ, ನೋವು ಇನ್ನೊಂದು ಕಡೆ. ಊದಿಕೊಂಡಿರುವುದು ದುಗ್ಧಗ್ರಂಥಿ. ಗಾಯದ ಸುದ್ದಿ ಅಲ್ಲಿಗೆ ತಲುಪಿದೆ ಎಂದರ್ಥ. ಆ ಸುದ್ದಿಯನ್ನು ಒಯ್ಯುವುದು ಮುಖ್ಯವಾಗಿ ರೋಗನಿರೋಧಕ ವ್ಯವಸ್ಥೆಯ ಡೆಂಡ್ರೈಟಿಕ್ ಕೋಶ. ರಾಲ್ಫ್ ಸ್ಟೈನ್‌ಮನ್ ಮತ್ತು ಝಾನ್ವಿಲ್ ಕೋನ್ 1973ರಲ್ಲಿ ಇಲಿಯ ಗುಲ್ಮದಲ್ಲಿ ಇದನ್ನು ಗುರುತಿಸಿದರು.

ಸುದ್ದಿ ಒಯ್ಯಬೇಕಾದದ್ದೇಕೆ? ಟಿ ಕೋಶಗಳೆಂದರೆ ರೋಗಾಣುಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು. ಇನ್ನೂ ಯಾವ ರೋಗಾಣುವನ್ನೂ ಎದುರಿಸದ ಟಿ ಕೋಶಗಳು ಚರ್ಮದಲ್ಲಿ ಅಲೆಯುವುದಿಲ್ಲ. ಅವು ರಕ್ತದಿಂದ ಗ್ರಂಥಿಗೆ, ಗ್ರಂಥಿಯಿಂದ ಮತ್ತೆ ರಕ್ತಕ್ಕೆ ಸುತ್ತುತ್ತವೆ. ಒಂದು ನಿರ್ದಿಷ್ಟ ಪ್ರತಿಜನಕವನ್ನು, ಅಂದರೆ ರೋಗನಿರೋಧಕ ವ್ಯವಸ್ಥೆ ಗುರುತು ಹಿಡಿಯುವ ವಸ್ತುವನ್ನು, ಗುರುತಿಸಬಲ್ಲ ಟಿ ಕೋಶ ಸುಮಾರು ಒಂದು ಲಕ್ಷದಿಂದ ಹತ್ತು ಲಕ್ಷದಲ್ಲಿ ಒಂದು ಮಾತ್ರ. ಅದು ಗಾಯವನ್ನು ಹುಡುಕಿಕೊಂಡು ಬರಲಿ ಎಂದು ಕಾಯುವುದಕ್ಕಿಂತ, ಎಲ್ಲ ಟಿ ಕೋಶಗಳೂ ಹಾದುಹೋಗುವ ಜಾಗಕ್ಕೆ ಗಾಯದ ಮಾದರಿಯನ್ನೇ ಕೊಂಡೊಯ್ಯುವುದು ಲೇಸು.

ಚರ್ಮದಲ್ಲಿರುವಾಗ ಡೆಂಡ್ರೈಟಿಕ್ ಕೋಶದ ಕೆಲಸ ನುಂಗುವುದು. ರೋಗಾಣುವಿನ ಗುರುತು ಸಿಕ್ಕೊಡನೆ ಅದರ ಸ್ವಭಾವವೇ ಬದಲಾಗುತ್ತದೆ. ಕ್ರಮೇಣ ನುಂಗುವುದು ತಗ್ಗುತ್ತದೆ. ಒಳಗೆ ಕತ್ತರಿಸಿದ ಪ್ರೋಟೀನಿನ ಚೂರುಗಳು ಎಂಎಚ್‌ಸಿ ಎಂಬ ಅಣುಗಳ ಮೇಲೆ ಕೂತು ಹೊರಮೈಗೆ ಬರುತ್ತವೆ. ಜೊತೆಗೆ ಟಿ ಕೋಶವನ್ನು ಎಚ್ಚರಿಸಲು ನೆರವಾಗುವ ಸಿಡಿ80, ಸಿಡಿ86 ಎಂಬ ಅಣುಗಳೂ ಹೆಚ್ಚುತ್ತವೆ. ಪ್ರಯಾಣಕ್ಕೆ ಬೇಕಾದದ್ದು ಸಿಸಿಆರ್7 ಎಂಬ ಗ್ರಾಹಿ. ದುಗ್ಧನಾಳದ ಗೋಡೆ ಸಿಸಿಎಲ್21 ಎಂಬ ರಾಸಾಯನಿಕವನ್ನು ಸೂಸುತ್ತಿರುತ್ತದೆ. ಆ ಗ್ರಾಹಿ ಅದರ ಜಾಡು ಹಿಡಿಯುತ್ತದೆ. ಸಿಸಿಆರ್7 ಇಲ್ಲದ ಇಲಿಗಳಲ್ಲಿ ಚರ್ಮದ ಡೆಂಡ್ರೈಟಿಕ್ ಕೋಶಗಳು ಗ್ರಂಥಿಯನ್ನು ತಲುಪುವುದೇ ಇಲ್ಲವೆನ್ನಬಹುದು.

ನಾಳದೊಳಗೆ ಬಿದ್ದ ಕೋಶ ತೇಲಿಕೊಂಡು ಹೋಗುತ್ತದೆ ಎಂದು ಬಹುಕಾಲ ಭಾವಿಸಿದ್ದರು. ಸೂಕ್ಷ್ಮದರ್ಶಕದಲ್ಲಿ ಕಂಡದ್ದು ಬೇರೆ. ತುದಿಯ ಸಣ್ಣ ನಾಳಗಳಲ್ಲಿ ಕೋಶ ಗೋಡೆಗೆ ಅಂಟಿಕೊಂಡು ತೆವಳುತ್ತದೆ. ಮುಂದೆ ದೊಡ್ಡ ನಾಳ ಸೇರಿದ ಮೇಲಷ್ಟೇ ದುಗ್ಧರಸದ ಹರಿವು ಅದನ್ನು ಎತ್ತಿಕೊಂಡು ಹೋಗುತ್ತದೆ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಪ್ರತಿಜನಕ ದುಗ್ಧರಸದಲ್ಲಿ ತಾನೇ ಹರಿದು ಗ್ರಂಥಿ ಸೇರಬಹುದಲ್ಲ, ಹೊತ್ತೊಯ್ಯುವವರು ಯಾಕೆ ಬೇಕು? ಇದಕ್ಕೆ ಇಲಿಯ ಕಿವಿಯಲ್ಲಿ ಮಾಡಿದ ಪ್ರಯೋಗವೊಂದು ಉತ್ತರ ಕೊಟ್ಟಿತು. ಹೊಳೆಯುವ ಪ್ರೋಟೀನನ್ನು ಚುಚ್ಚಿದಾಗ ಅದು ಎರಡು ಸಲ ಗ್ರಂಥಿಗೆ ಬಂತು. ಮೊದಲು, ಚುಚ್ಚಿದ ಸ್ವಲ್ಪ ಹೊತ್ತಿನಲ್ಲೇ, ದ್ರವದೊಂದಿಗೆ ಹರಿದು ಬಂದು ಗ್ರಂಥಿಯಲ್ಲೇ ಇರುವ ಡೆಂಡ್ರೈಟಿಕ್ ಕೋಶಗಳ ಕೈಗೆ ಸಿಕ್ಕಿತು. ಹಲವು ಗಂಟೆಗಳ ಬಳಿಕ ಚರ್ಮದಿಂದ ಹೊರಟ ಕೋಶಗಳು ಎರಡನೆಯ ಕಂತನ್ನು ತಂದವು. ಚುಚ್ಚಿದ ಜಾಗವನ್ನು ಬೇಗನೆ ಕತ್ತರಿಸಿ ತೆಗೆದರೆ ಎರಡನೆಯ ಕಂತು ಬರುವುದಿಲ್ಲ. ಆಗಲೂ ಟಿ ಕೋಶಗಳು ಎಚ್ಚೆತ್ತು ವಿಭಜಿಸಿದವು. ಆದರೆ ಮುಂದೆ ಚರ್ಮದಲ್ಲಿ ಕಾಣಬೇಕಾದ ಬಲವಾದ ಪ್ರತಿಕ್ರಿಯೆ ಮೂಡಲಿಲ್ಲ. ಕಿಡಿ ಹೊತ್ತಿಸಲು ಹರಿದು ಬಂದದ್ದು ಸಾಕು, ಉರಿ ನಿಲ್ಲಲು ಹೊತ್ತು ತಂದದ್ದು ಬೇಕು.

ಗ್ರಂಥಿಯೊಳಗೆ ಒಂದು ಡೆಂಡ್ರೈಟಿಕ್ ಕೋಶ ಗಂಟೆಗೆ ನೂರಾರು, ಕೆಲವೊಮ್ಮೆ ಸಾವಿರಾರು ಟಿ ಕೋಶಗಳನ್ನು ತಾಕುತ್ತದೆ. ಹೆಚ್ಚಿನವು ಕೆಲವೇ ನಿಮಿಷ ನಿಂತು ಮುಂದೆ ಸಾಗುತ್ತವೆ. ಹೊಂದಾಣಿಕೆಯಾದ ಟಿ ಕೋಶ ಮೊದಲ ಕೆಲವು ಗಂಟೆ ಹಾಗೆಯೇ ಮುಟ್ಟಿ ಬಿಟ್ಟು ಮಾಡಿ, ಆಮೇಲೆ ಗಂಟೆಗಟ್ಟಲೆ ಅಂಟಿಕೊಳ್ಳುತ್ತದೆ. ಸುಮಾರು ಒಂದು ದಿನದ ನಂತರ ಬಿಡಿಸಿಕೊಂಡು ವಿಭಜನೆಗೆ ತೊಡಗುತ್ತದೆ. ಈ ಹೊತ್ತಿನಲ್ಲಿ ಸಿಡಿ80, ಸಿಡಿ86 ಇರಲೇಬೇಕು. ಅಪಾಯದ ಗುರುತಿಲ್ಲದೆ ಬಂದ ಕೋಶದಲ್ಲಿ ಅವು ಕಡಿಮೆ. ಅಂಥ ಕೋಶ ಪ್ರತಿಜನಕವನ್ನು ತೋರಿಸಿದರೆ ಟಿ ಕೋಶ ಎಚ್ಚರಗೊಳ್ಳುವ ಬದಲು ಸುಮ್ಮನಾಗುತ್ತದೆ ಅಥವಾ ಸಾಯುತ್ತದೆ. ನಮ್ಮದೇ ಅಂಗಾಂಶದ ಪ್ರೋಟೀನುಗಳ ವಿಚಾರದಲ್ಲಿ ಇದು ಒಳ್ಳೆಯದೇ. ಲಸಿಕೆಯಲ್ಲಿ ಹೀಗಾದರೆ ಲಸಿಕೆ ದಂಡ.

ಕ್ಯಾನ್ಸರ್ ಚಿಕಿತ್ಸೆಗೆಂದು ರೋಗಿಯ ರಕ್ತದಿಂದ ಡೆಂಡ್ರೈಟಿಕ್ ಕೋಶಗಳನ್ನು ಬೆಳೆಸಿ, ಗಡ್ಡೆಯ ಪ್ರತಿಜನಕ ತಿನ್ನಿಸಿ, ಚರ್ಮಕ್ಕೆ ಚುಚ್ಚುವವರಿಗೆ ಎದುರಾಗುವ ದೊಡ್ಡ ತೊಡಕು ಪ್ರಯಾಣದ್ದೇ. ಸಾಮಾನ್ಯವಾಗಿ ಗ್ರಂಥಿ ಮುಟ್ಟುವುದು ನೂರಕ್ಕೆ ಐದಕ್ಕಿಂತ ಕಡಿಮೆ; ಉಳಿದವು ಚುಚ್ಚಿದಲ್ಲೇ ಸಾಯುತ್ತವೆ. ಕೋಶಗಳಿಗೆ ವಿಕಿರಣಶೀಲ ಗುರುತು ಹಚ್ಚಿ ಚುಚ್ಚಿ, ಮರುದಿನ ಅಥವಾ ಎರಡನೆಯ ದಿನ ಸ್ಕ್ಯಾನ್ ಮಾಡಿದರೆ ಇದು ಕಣ್ಣಿಗೇ ಕಾಣುತ್ತದೆ. ಪರಿಹಾರವೆಂದು ಬೆಳೆಸುವಾಗ ಪ್ರೊಸ್ಟಗ್ಲಾಂಡಿನ್ ಇ2 ಎಂಬ ರಾಸಾಯನಿಕವನ್ನು ಸೇರಿಸುತ್ತಾರೆ. ಅದರಿಂದ ಸಿಸಿಆರ್7 ಚುರುಕಾಗುತ್ತದೆ. ಆದರೆ ಕೊಲ್ಲುವ ಕೆಲಸಕ್ಕೆ ಟಿ ಕೋಶವನ್ನು ಹುರಿಗೊಳಿಸುವ ಇಂಟರ್‌ಲೂಕಿನ್-12 ಎಂಬ ಸಂಕೇತ ಪ್ರೋಟೀನು ತಗ್ಗುತ್ತದೆ. ಇನ್ನೊಂದು ದಾರಿ, ಕೋಶ ಚುಚ್ಚುವ ಜಾಗವನ್ನೇ ಮೊದಲು ಕೆರಳಿಸುವುದು. 2015ರಲ್ಲಿ ಪ್ರಕಟವಾದ, ಮಿದುಳು ಗಡ್ಡೆಯ 12 ರೋಗಿಗಳ ಪುಟ್ಟ ಅಧ್ಯಯನವೊಂದರಲ್ಲಿ ಕೆಲವರಿಗೆ ಹಿಂದಿನ ದಿನವೇ ಆ ಜಾಗಕ್ಕೆ ಧನುರ್ವಾಯು ಲಸಿಕೆ ಕೊಟ್ಟಿದ್ದರು. ಅವರಲ್ಲಿ ಗ್ರಂಥಿ ಸೇರಿದ ಕೋಶಗಳ ಪ್ರಮಾಣ ಹೆಚ್ಚಿತ್ತು.