ಗೆರೆ ದಾಟುವ ಬಾಣದ ಮೇಲೆ ಏನಾದರೂ ಬರೆಯಿರಿ

ನಮಸ್ಕಾರ. ಹೋದ ವಾರದ ವಿಡಿಯೋಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ. "ಸರ್, ಸ್ವಿಮ್‌ಲೇನ್ ಸ್ಲೈಡ್‌ಗೆ ಇಷ್ಟು ತಲೆ ಕೆಡಿಸಿಕೊಳ್ಳೋದು ಯಾಕೆ? ಡಿಪಾರ್ಟ್‌ಮೆಂಟಿಗೊಂದು ಲೇನ್ ಎಳೆದು, ಬಾಕ್ಸ್ ಇಟ್ಟು, ಬಾಣ ಹಾಕಿದ್ರೆ ಆಯ್ತಲ್ಲ." ಅದಕ್ಕೆ ತುಂಬಾ ಜನ ಲೈಕ್ ಕೂಡ ಕೊಟ್ಟಿದ್ದಾರೆ. ಸ್ವಿಮ್‌ಲೇನ್ ಅಂದರೆ ಒಂದೊಂದು ಡಿಪಾರ್ಟ್‌ಮೆಂಟಿಗೆ ಒಂದೊಂದು ಪಟ್ಟಿ ಎಳೆದು, ಯಾವ ಕೆಲಸ ಯಾರದ್ದು ಅಂತ ತೋರಿಸುವ ಚಿತ್ರ. ಹಾಗಾಗಿ ಇವತ್ತು ಬೇರೆ ವಿಷಯ ಇಟ್ಟುಕೊಂಡಿದ್ದವನು ಅದನ್ನು ಪಕ್ಕಕ್ಕಿಟ್ಟು ಇದನ್ನೇ ಮಾತಾಡುತ್ತೇನೆ.

ಆಗಲ್ಲ. ಬಾಣ ಹಾಕಿದರೆ ಆಗಲ್ಲ. ಒಂದು ಲೇನ್‌ನಿಂದ ಇನ್ನೊಂದಕ್ಕೆ ಗೆರೆ ದಾಟಿ ಹೋಗುವ ಬಾಣ ಇದೆಯಲ್ಲ, ಅದರ ಮೇಲೆ ಏನು ದಾಟುತ್ತದೆ ಅಂತ ಬರೆಯಬೇಕು. ಯಾವ ಕಾಗದ, ಯಾವ ಮೇಲ್, ಯಾವ ಎಂಟ್ರಿ. ಬರೆಯದೇ ಇದ್ದರೆ ಆ ಸ್ಲೈಡ್ ಯಾರಿಗೂ ಏನೂ ಹೇಳುವುದಿಲ್ಲ.

ಯಾಕೆ ಅಂತ ಕೇಳಿ. ಬಾಕ್ಸ್ ಒಳಗೆ ಏನಿದೆ ಅನ್ನುವುದು ಆ ಕೆಲಸ ಮಾಡುವವರಿಗೆ ಮೊದಲೇ ಗೊತ್ತು. ಸ್ಟೋರ್ಸ್‌ನವರಿಗೆ ಮಾಲು ಎಣಿಸುವುದು ಹೇಗೆ ಅಂತ ಸ್ಲೈಡ್ ನೋಡಿ ತಿಳಿಯಬೇಕಿಲ್ಲ. ಅವರಿಗೆ ತಿಳಿಯದೇ ಇರುವುದು ಒಂದೇ. ತಮ್ಮ ಕೈಯಿಂದ ಹೊರಟಿದ್ದು ಮುಂದಿನವರ ಕೈಗೆ ಯಾವ ರೂಪದಲ್ಲಿ ಸೇರುತ್ತೆ, ಸೇರಿತು ಅಂತ ಗೊತ್ತಾಗೋದು ಹೇಗೆ ಅನ್ನುವುದು. ಈ ಥರ ಚಿತ್ರವನ್ನು ಜನಪ್ರಿಯ ಮಾಡಿದ ಜಿಯರಿ ರಮ್ಲರ್, ಅಲನ್ ಬ್ರೇಚ್ ಇಬ್ಬರೂ 1990ರ ತಮ್ಮ ಪುಸ್ತಕದಲ್ಲಿ ಹಿಡಿದಿದ್ದು ಇದೇ ಎಳೆ: ಸಂಸ್ಥೆಯ ನಕ್ಷೆಯಲ್ಲಿ ಬಾಕ್ಸ್‌ಗಳ ನಡುವೆ ಇರುವ ಖಾಲಿ ಜಾಗವನ್ನು ನೋಡಿಕೊಳ್ಳಿ, ಕೆಲಸ ಕೆಡುವುದು ಅಲ್ಲಿ. ನಾವು ಏನು ಮಾಡುತ್ತಿದ್ದೇವೆ? ಬಾಕ್ಸ್‌ಗೆ ಬಣ್ಣ ಬಳಿಯುತ್ತಿದ್ದೇವೆ. ಖಾಲಿ ಜಾಗ ಖಾಲಿಯಾಗಿಯೇ ಇದೆ.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಪೀಣ್ಯದಂಥ ಕಡೆ ಇರುವ ಒಂದು ಕಾರ್ಖಾನೆ ಅಂದುಕೊಳ್ಳಿ. ಉದ್ಯಮ್ ನೋಂದಣಿ ಇರುವ ಒಂದು ಸಣ್ಣ ಘಟಕದಿಂದ 500 ಬಿಡಿಭಾಗ ತರಿಸುತ್ತಾರೆ. ಒಂದಕ್ಕೆ 120 ರೂಪಾಯಿ, ಜಿಎಸ್‌ಟಿ ಬಿಟ್ಟು ಒಟ್ಟು 60,000. ಹಣ ಕೊಡಲು 45 ದಿನ ಅಂತ ಪಿಒದಲ್ಲಿ, ಅಂದರೆ ಖರೀದಿ ಆದೇಶದಲ್ಲಿ, ಬರೆದಿದೆ. ಇವರ ಸ್ಲೈಡ್‌ನಲ್ಲಿ ಲೇನ್‌ಗಳು ಹೀಗಿವೆ: ಪರ್ಚೇಸ್, ಸ್ಟೋರ್ಸ್, ಕ್ವಾಲಿಟಿ, ಅಕೌಂಟ್ಸ್. ಮೇಲೆ ಸಪ್ಲೈಯರ್. ಪರ್ಚೇಸ್ ಪಿಒ ಕಳಿಸುತ್ತೆ. ಸಪ್ಲೈಯರ್ ಮಾಲು ಕಳಿಸುತ್ತಾನೆ. ಸ್ಟೋರ್ಸ್ ಜಿಆರ್‌ಎನ್, ಅಂದರೆ ಮಾಲು ಬಂದು ಸೇರಿತು ಅನ್ನುವ ದಾಖಲೆ, ಮಾಡುತ್ತೆ. ಕ್ವಾಲಿಟಿ ಪರೀಕ್ಷೆ ಮಾಡುತ್ತೆ. ಸಪ್ಲೈಯರ್‌ನಿಂದ ಅಕೌಂಟ್ಸ್‌ಗೆ ನೇರವಾಗಿ ಒಂದು ಉದ್ದ ಬಾಣ, ಅದು ಬಿಲ್ ಅಂತ ಎಲ್ಲರೂ ಊಹಿಸಿಕೊಳ್ಳಬೇಕು. ಅಕೌಂಟ್ಸ್ ಪಿಒ, ಜಿಆರ್‌ಎನ್, ಬಿಲ್ ಮೂರನ್ನೂ ತಾಳೆ ನೋಡಿ ಹಣ ಕೊಡುತ್ತೆ. ನೋಡಲು ಚೆನ್ನಾಗಿದೆ ಅಲ್ವಾ?

ಈಗ ನಿಜವಾಗಿ ಏನಾಗುತ್ತೆ ನೋಡಿ. ಜೂನ್ 3ಕ್ಕೆ ಲಾರಿ ಬಂತು. ಬಿಲ್ ಯಾರ ಕೈಯಲ್ಲಿದೆ? ಡ್ರೈವರ್ ಕೈಯಲ್ಲಿ! ಜಿಎಸ್‌ಟಿ ನಿಯಮದ ಪ್ರಕಾರ ಮಾಲಿನ ಬಿಲ್‌ಗೆ ಮೂರು ಪ್ರತಿ. ಮೂಲ ಪ್ರತಿ ಕೊಂಡವರಿಗೆ, ಎರಡನೆಯದು ಸಾಗಿಸುವವರಿಗೆ, ಮೂರನೆಯದು ಮಾರಿದವರಿಗೆ. ಇಂಥ ಸಣ್ಣ ಘಟಕಗಳಿಂದ ಆ ಮೂಲ ಪ್ರತಿ ಬಹಳ ಸಲ ಲಾರಿಯಲ್ಲೇ ಬರುತ್ತೆ. ಗೇಟಿನಲ್ಲಿ ಎಂಟ್ರಿ ಆಗುತ್ತೆ, ಸ್ಟೋರ್ಸ್ ಕೈ ಸೇರುತ್ತೆ. ಸ್ಲೈಡ್‌ನಲ್ಲಿ ಬಾಣ ಅಕೌಂಟ್ಸ್‌ಗೆ ಹೋಗಿದೆ. ಬಿಲ್ ಮಾತ್ರ ಸ್ಟೋರ್ಸ್‌ನ ಫೈಲಿನಲ್ಲಿ ಮಲಗಿದೆ. ಸ್ಟೋರ್ಸ್‌ನಿಂದ ಅಕೌಂಟ್ಸ್‌ಗೆ ಅದನ್ನು ಯಾರು ಒಯ್ಯಬೇಕು? ಆ ಬಾಣವೇ ಚಿತ್ರದಲ್ಲಿ ಇಲ್ಲ. "ಬಿಲ್ ಮೂಲ ಪ್ರತಿ" ಅಂತ ಬಾಣದ ಮೇಲೆ ಬರೆಯಲು ಹೋಗಿದ್ದರೆ, ಬರೆಯುವವರಿಗೆ ಅಲ್ಲೇ ಪ್ರಶ್ನೆ ಏಳುತ್ತಿತ್ತು: ಇದು ನಿಜಕ್ಕೂ ಎಲ್ಲಿ ಬಂದು ಇಳಿಯುತ್ತೆ? ನಾನು ಬರೆಯಿರಿ, ಬರೆಯಿರಿ ಅಂತ ಬಡಕೊಳ್ಳುವುದು ಇದಕ್ಕೇ.

ಮುಂದೆ ಕೇಳಿ. ಸ್ಟೋರ್ಸ್ ಅವತ್ತೇ 500ಕ್ಕೆ ಜಿಆರ್‌ಎನ್ ಮಾಡಿತು. ಕ್ವಾಲಿಟಿಗೆ ಬಾಣ ಇದೆ, ಆದರೆ ಬಾಣದಲ್ಲಿ ಏನು ಹೋಯಿತು? ಏನೂ ಇಲ್ಲ. ಮಾಲು ತಪಾಸಣೆಯ ಜಾಗದಲ್ಲಿ ಇಟ್ಟಿದೆ, ಯಾರಾದರೂ ಬಂದು ನೋಡಿದರೆ ಗೊತ್ತಾಗುತ್ತೆ. ಕ್ವಾಲಿಟಿಯವರು ಜೂನ್ 10ಕ್ಕೆ ನೋಡಿದರು. 20 ಪೀಸ್ ಅಳತೆ ತಪ್ಪಿದೆ, ರಿಜೆಕ್ಟ್. ಒಪ್ಪಿದ್ದು 480. ಈ ಮಾತನ್ನು ಪರ್ಚೇಸ್‌ನವರಿಗೆ ಫೋನಿನಲ್ಲಿ ಹೇಳಿದರು. ಪರ್ಚೇಸ್‌ನವರು ಸಪ್ಲೈಯರ್‌ಗೆ ಫೋನಿನಲ್ಲೇ ಹೇಳಿದರು. ಎಲ್ಲರೂ ಮಾತಾಡಿದ್ದಾರೆ, ಯಾರೂ ಬರೆದಿಲ್ಲ.

ಇಲ್ಲಿ ಸ್ವಲ್ಪ ನಿಧಾನವಾಗಿ ಕೇಳಿಸಿಕೊಳ್ಳಿ, ಇದು ದುಡ್ಡಿನ ವಿಷಯ. ಸಣ್ಣ ಉದ್ದಿಮೆಗಳಿಗೆ ಅಂತ 2006ರ ಎಂಎಸ್‌ಎಂಇ ಕಾಯ್ದೆ ಇದೆ. ಕಿರು ಮತ್ತು ಸಣ್ಣ ಘಟಕಗಳಿಗೆ, ಒಪ್ಪಂದದಲ್ಲಿ ಏನೇ ಬರೆದಿರಲಿ, 45 ದಿನಕ್ಕಿಂತ ಜಾಸ್ತಿ ತಡ ಮಾಡುವ ಹಾಗಿಲ್ಲ. ದಿನ ಎಣಿಸುವುದು ಮಾಲನ್ನು ಒಪ್ಪಿಕೊಂಡ ದಿನದಿಂದ. ಮಾಲು ಬಂದ 15 ದಿನದೊಳಗೆ ಲಿಖಿತವಾಗಿ ಆಕ್ಷೇಪ ಹೇಳದಿದ್ದರೆ, ಬಂದ ದಿನವೇ ಒಪ್ಪಿಕೊಂಡ ಹಾಗೆ. ಲಿಖಿತವಾಗಿ ಹೇಳಿದ್ದರೆ, ಸಪ್ಲೈಯರ್ ಆ ದೋಷ ಸರಿಪಡಿಸಿದ ದಿನದಿಂದ ಎಣಿಕೆ. ಅಂದರೆ ಕ್ವಾಲಿಟಿಯಿಂದ ಪರ್ಚೇಸ್‌ಗೆ, ಪರ್ಚೇಸ್‌ನಿಂದ ಸಪ್ಲೈಯರ್‌ಗೆ ಹೋಗುವ ಬಾಣಕ್ಕೆ ಜೂನ್ 18 ಅನ್ನುವ ಗಡುವು ಇತ್ತು. ಆ ಬಾಣದಲ್ಲಿ ರಿಜೆಕ್ಷನ್ ನೋಟ್ ಹೋಗಬೇಕಿತ್ತು. ಫೋನ್ ಹೋಯಿತು. ಜೂನ್ 18 ದಾಟಿತು. ಈಗ ಎಣಿಕೆ ಜೂನ್ 3ರಿಂದ, ಹಣ ಕೊಡಲು ಕೊನೆ ದಿನ ಜುಲೈ 18.

ಅಕೌಂಟ್ಸ್‌ನವರಿಗೆ ಬಿಲ್ ಸಿಕ್ಕಿದ್ದು ಜೂನ್ 24ಕ್ಕೆ. ಅವರು ಎಣಿಸುವುದು ತಮ್ಮ ಇನ್‌ವರ್ಡ್ ಸೀಲ್ ಬಿದ್ದ ದಿನದಿಂದ. ಆಗಸ್ಟ್ 8ಕ್ಕೆ ಹಣ ಹಾಕಿ, ಸರಿಯಾಗಿ 45 ದಿನಕ್ಕೆ ಕೊಟ್ಟಿದ್ದೇವೆ ಅಂತ ನೆಮ್ಮದಿಯಾಗಿದ್ದಾರೆ. ನಿಜದಲ್ಲಿ 21 ದಿನ ತಡ! ತಡವಾದ ದಿನಗಳಿಗೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಯಾರೂ ಕೆಲಸ ಮಾಡದೇ ಕೂತಿಲ್ಲ, ಗಮನಿಸಿ. ಪ್ರತಿಯೊಬ್ಬರ ಬಾಕ್ಸ್ ಸರಿಯಾಗಿದೆ. ಬಾಕ್ಸ್ ನಡುವೆ ದಿನ ಸೋರಿಹೋಗಿದೆ. ಆ ಕಡೆ ಸಣ್ಣ ಘಟಕದವನು ಕೂಲಿ ಕೊಡಲು ದುಡ್ಡಿಲ್ಲದೆ ಕಾಯುತ್ತಿದ್ದಾನೆ. ನನಗೆ ಸಿಟ್ಟು ಬರುವುದು ಅದಕ್ಕೆ.

ಇನ್ನೂ ಒಂದಿದೆ. 20 ಪೀಸ್ ರಿಜೆಕ್ಟ್ ಆಗಿದೆ, ಬಿಲ್ ಮಾತ್ರ 500ಕ್ಕೆ ಇದೆ. ಒಪ್ಪಿದ 480ಕ್ಕೂ ಬಿಲ್‌ಗೂ ತಾಳೆ ಆಗಲ್ಲ. 2,400 ರೂಪಾಯಿ ಮತ್ತು ಅದರ ಜಿಎಸ್‌ಟಿಯನ್ನು ಬಿಲ್‌ನಿಂದ ಕಳೆಯಲು ಡೆಬಿಟ್ ನೋಟ್ ಹಾಕಬೇಕು. ಯಾರು ಹಾಕಬೇಕು? ಸ್ಲೈಡ್‌ನಲ್ಲಿ "ವ್ಯತ್ಯಾಸ ಸರಿಪಡಿಸುವುದು" ಅಂತ ಒಂದು ಬಾಕ್ಸ್ ಇದೆ. ಅದು ಪರ್ಚೇಸ್ ಮತ್ತು ಅಕೌಂಟ್ಸ್ ಎರಡೂ ಲೇನ್ ಮೇಲೆ ಅಗಲವಾಗಿ ಹರಡಿಕೊಂಡಿದೆ. ಇದನ್ನು ಕಂಡರೆ ನನಗೆ ಮೈ ಉರಿಯುತ್ತೆ. ಎರಡು ಲೇನ್ ಮೇಲೆ ಕೂತ ಬಾಕ್ಸ್ ಯಾರದ್ದೂ ಅಲ್ಲ. ಅದನ್ನು ಕತ್ತರಿಸಿ. ಒಂದು ತುಂಡು ಪರ್ಚೇಸ್‌ಗೆ: ರಿಜೆಕ್ಟ್ ಆದ ಸಂಖ್ಯೆಯನ್ನು ಖಚಿತ ಮಾಡುವುದು. ಒಂದು ತುಂಡು ಅಕೌಂಟ್ಸ್‌ಗೆ: ಡೆಬಿಟ್ ನೋಟ್ ಹಾಕುವುದು. ಕತ್ತರಿಸಿದ ತಕ್ಷಣ ನಡುವೆ ಒಂದು ಬಾಣ ಹುಟ್ಟುತ್ತೆ. ಅದರ ಮೇಲೆ ಬರೆಯಿರಿ: "ಖಚಿತಪಡಿಸಿದ ರಿಜೆಕ್ಟ್ ಸಂಖ್ಯೆ". ಆಯ್ತು, ಈಗ ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಅಂತ ಕಾಣುತ್ತೆ.

ಸಪ್ಲೈಯರ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅವನನ್ನು ನಿಮ್ಮ ಲೇನ್‌ಗಳ ಜೊತೆ ಸೇರಿಸಬೇಡಿ. ಇಂಥ ಚಿತ್ರ ಬರೆಯುವ ಬಿಪಿಎಂಎನ್ ಪದ್ಧತಿಯಲ್ಲಿ ಹೊರಗಿನವರಿಗೆ ಬೇರೆಯದೇ ಪೂಲ್, ಅಂದರೆ ಬೇರೆಯದೇ ಚೌಕಟ್ಟು. ನಿಮ್ಮ ಗಟ್ಟಿ ಗೆರೆಯ ಬಾಣ ಪೂಲ್ ದಾಟುವ ಹಾಗೇ ಇಲ್ಲ. ಅಲ್ಲಿಗೆ ಹೋಗುವುದು ತುಂಡು ತುಂಡು ಗೆರೆ, ಅಂದರೆ ಸಂದೇಶ. ಅವನು ನಿಮ್ಮ ನೌಕರ ಅಲ್ಲ, ನೀವು ಸಂದೇಶ ಕಳಿಸಬಹುದು ಅಷ್ಟೇ. ಇದರ ಮೇಲೆ ಹೋದ ತಿಂಗಳು ಒಂದು ಪೂರ್ತಿ ಎಪಿಸೋಡ್ ಮಾಡಿದ್ದೇನೆ, ಪ್ಲೇಲಿಸ್ಟ್‌ನಲ್ಲಿದೆ, ದಯವಿಟ್ಟು ನೋಡಿ. ನೋಡಿದವರು ಸಬ್‌ಸ್ಕ್ರೈಬ್ ಮಾಡಿ, ಸುಮ್ನೆ ಹೋಗಬೇಡಿ.

ಈಗ ಬರುತ್ತೆ ನೋಡಿ ಆಕ್ಷೇಪ. "ಬಾಣದ ಮೇಲೆಲ್ಲ ಬರೆದರೆ ಸ್ಲೈಡ್ ಗಿಜಿಗಿಜಿ ಆಗುತ್ತೆ." ಅಲ್ಲಪ್ಪ, ಒಂದೇ ಲೇನ್‌ನಲ್ಲಿ ಸಾಲಾಗಿ ನಾಲ್ಕು ಬಾಕ್ಸ್ ಇಟ್ಟಿದ್ದೀರಲ್ಲ, "ಮಾಲು ಇಳಿಸು", "ಎಣಿಸು", "ಚೀಟಿ ಅಂಟಿಸು", "ಜಿಆರ್‌ಎನ್ ಮಾಡು" ಅಂತ, ಅದು ಗಿಜಿಗಿಜಿ ಅಲ್ವಾ? ನಾಲ್ಕನ್ನೂ ಒಂದು ಬಾಕ್ಸ್ ಮಾಡಿ. ಒಬ್ಬರೇ ಸತತವಾಗಿ ಮಾಡುವ ಕೆಲಸಕ್ಕೆ ಒಂದೇ ಬಾಕ್ಸ್ ಸಾಕು. ಜಾಗ ತಾನಾಗಿ ಸಿಗುತ್ತೆ. ಸಿಕ್ಕ ಜಾಗದಲ್ಲಿ ಬಾಣದ ಮೇಲೆ ಬರೆಯಿರಿ.

"ನಮ್ಮಲ್ಲಿ ರೇಸಿ ಟೇಬಲ್ ಇದೆ, ಯಾರು ಹೊಣೆ ಅಂತ ಅದರಲ್ಲೇ ಇದೆ." ಇರಲಿ ಬಿಡಿ. ಆ ಟೇಬಲ್‌ನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಇದೆಯಾ? ಬಿಲ್ ಸ್ಟೋರ್ಸ್‌ನಲ್ಲಿ ಮಲಗಿರೋದು ಅದರಲ್ಲಿ ಕಾಣುತ್ತಾ? ಕಾಣಲ್ಲ.

"ನಮ್ಮಲ್ಲಿ ಎಸ್‌ಎಪಿ ಸಾಫ್ಟ್‌ವೇರ್ ಇದೆ, ಎಲ್ಲ ಆಟೋಮ್ಯಾಟಿಕ್." ಇದು ನನ್ನ ಅಚ್ಚುಮೆಚ್ಚಿನ ಉತ್ತರ. ಸಿಸ್ಟಮ್‌ನಲ್ಲಿ ಮಾಲು ಕ್ವಾಲಿಟಿ ತಪಾಸಣೆಯ ಸ್ಟಾಕ್‌ಗೆ ಬಂದು ಕೂರುತ್ತೆ, ನಿಜ. ಒಬ್ಬರು ಸ್ಕ್ರೀನ್ ತೆಗೆದು ಪಾಸ್ ಅಥವಾ ರಿಜೆಕ್ಟ್ ಅನ್ನುವವರೆಗೂ ಅಲ್ಲೇ ಕೂತಿರುತ್ತೆ! ಆ ಒಬ್ಬರು ಯಾರು, ಅವರು ದಿನಾ ಬೆಳಗ್ಗೆ ಯಾವ ಲಿಸ್ಟ್ ತೆಗೆಯಬೇಕು, ಅದನ್ನೇ ಬಾಣದ ಮೇಲೆ ಬರೆಯಿರಿ ಅಂತ ನಾನು ಕೇಳುತ್ತಿರುವುದು.

ಇನ್ನೊಬ್ಬರು ಅಂತಾರೆ, "ಎಲ್ಲರಿಗೂ ಗೊತ್ತಿರುತ್ತೆ ಬಿಡಿ." ಗೊತ್ತಿದ್ದರೆ ಮೂರು ವಾರ ಬಿಲ್ ಎಲ್ಲಿತ್ತು? ಗೊತ್ತಿದ್ದರೆ ಬರೆಯಲು ಏನು ಕಷ್ಟ? ಎರಡು ಪದ. "ರಿಜೆಕ್ಷನ್ ನೋಟ್". ಎರಡು ಪದ ಬರೆಯಲು ಆಗಲ್ಲ, ಬಾಕ್ಸ್‌ಗೆ ನೆರಳು ಕೊಡಲು ಅರ್ಧ ಗಂಟೆ ಇರುತ್ತೆ. ಹೆಸರಿಲ್ಲದ ಬಾಣ ಬೇಡ. ಬೇಡವೇ ಬೇಡ. ಬರೆಯಲು ಗೊತ್ತಾಗುತ್ತಿಲ್ಲವಾ, ಎದ್ದು ಹೋಗಿ ಆ ಎರಡು ಟೇಬಲ್ ನಡುವೆ ನಿಂತು ನೋಡಿ, ಏನು ಕೈ ಬದಲಾಗುತ್ತೆ ಅಂತ. ನೋಡಿ ಬಂದು ಬರೆಯಿರಿ.

ಸರಿ, ಮುಂದಿನ ವಾರ ನೋಡುಗರ ಸ್ಲೈಡ್‌ಗಳನ್ನೇ ತೆಗೆದುಕೊಂಡು ಲೈವ್‌ನಲ್ಲಿ ತಿದ್ದುತ್ತೇನೆ. ಕಂಪನಿ ಹೆಸರು, ಜನರ ಹೆಸರು ಅಳಿಸಿ ಕಳಿಸಿ, ಲಿಂಕ್ ಕೆಳಗೆ ಇದೆ. ಶನಿವಾರ ಸಂಜೆಯೊಳಗೆ ಬರಲಿ. ಗೆರೆ ದಾಟುವ ಒಂದೇ ಒಂದು ಬಾಣ ಖಾಲಿ ಇದ್ದರೂ ಆ ಸ್ಲೈಡ್ ತೆಗೆದುಕೊಳ್ಳುವುದಿಲ್ಲ, ವಾಪಸ್ ಕಳಿಸುತ್ತೇನೆ.